ಶೇಕಡಾ ಎಂಟು ಎಲ್ಲಿಂದ ಬಂತು?

2025ರ ಸೆಪ್ಟೆಂಬರ್ 22, ಸೋಮವಾರ. ದೇಶದ ದಿನಸಿ ಅಂಗಡಿಗಳಲ್ಲಿ ಅಂದು ಒಂದೇ ತಿಂಗಳೊಳಗೆ ಎರಡು ಲೆಕ್ಕ ಶುರುವಾಯಿತು. ಹಿಂದಿನ ರಾತ್ರಿಯವರೆಗೆ ಶೇ. 18 ತೆರಿಗೆಯಿದ್ದ ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಟೂತ್‌ಪೇಸ್ಟ್, ಮೈ ಸೋಪು ಬೆಳಗಾಗುವಷ್ಟರಲ್ಲಿ ಶೇ. 5ಕ್ಕೆ ಇಳಿದಿದ್ದವು. ತುಪ್ಪ, ಬೆಣ್ಣೆ, ಪೊಟ್ಟಣದ ಖಾರದ ತಿನಿಸು ಶೇ. 12ರಿಂದ 5ಕ್ಕೆ ಬಂದವು. ಬಟ್ಟೆ ಒಗೆಯುವ ಪುಡಿ ಮಾತ್ರ ಶೇ. 18ರಲ್ಲೇ ಉಳಿಯಿತು. ಸೆಪ್ಟೆಂಬರ್ 3ರಂದು ದೆಹಲಿಯಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆ ಮಾಡಿದ ತೀರ್ಮಾನವಿದು. 2017ರ ಜುಲೈನಿಂದ ನಡೆದು ಬಂದ 5, 12, 18, 28 ಎಂಬ ನಾಲ್ಕು ಮುಖ್ಯ ದರಗಳ ಪೈಕಿ 12 ಮತ್ತು 28 ಬಹುತೇಕ ಸರಕುಗಳಿಂದ ಹೊರಟುಹೋದವು.

ಗ್ರಾಹಕರಿಗೆ ಇದು ಬೆಲೆ ಇಳಿದ ಸುದ್ದಿ. ಅಂಗಡಿಯವರಿಗೆ ಮಾತ್ರ ಮುಂದಿನ ತಿಂಗಳ ಮೊದಲ ವಾರದಲ್ಲಿ ಇನ್ನೊಂದು ಕೆಲಸ ಕಾದಿತ್ತು. ಪ್ರತಿ ತಿಂಗಳೂ ಅವರು ತಮ್ಮ ಅಕೌಂಟೆಂಟಿಗೆ ಒಂದು ಪುಟದ ಪಟ್ಟಿ ಕೊಡಬೇಕು. ಯಾವ ದರದಲ್ಲಿ ಎಷ್ಟು ರೂಪಾಯಿಯ ಮಾಲು ಮಾರಿದೆವು, ಅದರ ಮೇಲೆ ಎಷ್ಟು ತೆರಿಗೆ ವಸೂಲಿ ಮಾಡಿದೆವು ಎಂಬುದೇ ಆ ಪಟ್ಟಿ. ಇದನ್ನು ಕೆಲವರು ರೇಟ್‌ವೈಸ್ ಸಮರಿ ಅನ್ನುತ್ತಾರೆ. ನಾವು ದರವಾರು ಪಟ್ಟಿ ಅನ್ನೋಣ. ಇದರ ಆಧಾರದ ಮೇಲೆ ಅಕೌಂಟೆಂಟ್ ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರ ಸಲ್ಲಿಸುತ್ತಾರೆ. ಆಮೇಲೆ 20ರೊಳಗೆ ಜಿಎಸ್‌ಟಿಆರ್-3ಬಿ ತುಂಬಿ ತೆರಿಗೆ ಕಟ್ಟಿಸುತ್ತಾರೆ. ತಿಂಗಳು ತಿಂಗಳು ರಿಟರ್ನ್ ಹಾಕುವವರ ವೇಳಾಪಟ್ಟಿ ಇದು. ವರ್ಷದ ವಹಿವಾಟು ಐದು ಕೋಟಿ ರೂಪಾಯಿ ಮೀರದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ದಾರಿಯನ್ನೂ ಆರಿಸಿಕೊಳ್ಳಬಹುದು. ಅವರಿಗೂ ಪಟ್ಟಿಯ ಕೆಲಸ ತಿಂಗಳಿಗೊಮ್ಮೆ ಮಾಡಿಕೊಂಡರೇ ಹಗುರ.

ಈ ಪಟ್ಟಿಯನ್ನು ಸರಿಯಾಗಿ ಮಾಡುವುದು ಹೇಗೆ, ತಪ್ಪಾಗಿದ್ದರೆ ನೋಡಿದ ಕೂಡಲೇ ಗೊತ್ತಾಗುವುದು ಹೇಗೆ ಎಂಬುದಕ್ಕೆ ಆ ಸೆಪ್ಟೆಂಬರಿಗಿಂತ ಒಳ್ಳೆಯ ಪಾಠ ಇಲ್ಲ. ಕರ್ನಾಟಕದ ಯಾವುದೋ ತಾಲ್ಲೂಕು ಪಟ್ಟಣದ ಒಂದು ದಿನಸಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಂಡು ಆ ತಿಂಗಳ ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಅಂಗಡಿ ಕಲ್ಪಿತ, ಅಂಕಿಗಳು ಸುಲಭವಾಗಲೆಂದು ಗುಂಡಾಗಿಸಿದವು. ದರಗಳು ಮಾತ್ರ ನಿಜವಾದವು.

ಬಿಲ್ಲಲ್ಲ, ಬಿಲ್ಲಿನ ಸಾಲು

ಸೆಪ್ಟೆಂಬರ್ 20ರಂದು ಒಬ್ಬ ಗ್ರಾಹಕರು ಐದು ಸಾಮಾನು ಕೊಂಡರು ಎಂದಿಟ್ಟುಕೊಳ್ಳಿ. ಚೀಲದಿಂದ ತೂಗಿ ಕೊಟ್ಟ ಅಕ್ಕಿ 300 ರೂಪಾಯಿ. ಬಿಡಿ ಅಕ್ಕಿಗೆ ತೆರಿಗೆ ಇಲ್ಲ. ಅಡುಗೆ ಎಣ್ಣೆ 157.50. ಅದರಲ್ಲಿ ಮಾಲಿನ ಬೆಲೆ 150, ಶೇ. 5ರ ತೆರಿಗೆ 7.50. ತುಪ್ಪ 336, ಅಂದರೆ ಬೆಲೆ 300 ಮತ್ತು ಶೇ. 12ರ ತೆರಿಗೆ 36. ತಲೆಗೆ ಹಚ್ಚುವ ಎಣ್ಣೆ 118. ಅದರಲ್ಲಿ ಬೆಲೆ 100, ಶೇ. 18ರ ತೆರಿಗೆ 18. ಬಟ್ಟೆ ಒಗೆಯುವ ಪುಡಿ 236, ಬೆಲೆ 200 ಮತ್ತು ತೆರಿಗೆ 36. ಬಿಲ್ಲಿನ ಮೊತ್ತ 1,147 ರೂಪಾಯಿ 50 ಪೈಸೆ. ಅದರಲ್ಲಿ ಸರ್ಕಾರದ ಪಾಲು 97.50.

ಈ ಒಂದೇ ಬಿಲ್ಲಿನಲ್ಲಿ ನಾಲ್ಕು ಬಗೆಯ ಲೆಕ್ಕ ಇದೆ: ತೆರಿಗೆ ಇಲ್ಲದ್ದು, ಶೇ. 5, ಶೇ. 12, ಶೇ. 18. ಆದ್ದರಿಂದ ‘ಈ ಬಿಲ್ಲು ಯಾವ ದರದ್ದು?’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬಿಲ್ಲಿನ ಪ್ರತಿ ಸಾಲನ್ನೂ ಬಿಡಿಸಿ ಅದರದರ ದರದ ಗುಂಪಿಗೆ ಸೇರಿಸಬೇಕು. ಬಿಲ್ಲಿನ ಒಟ್ಟು ಮೊತ್ತಗಳನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು ತಿಂಗಳ ಕೊನೆಗೆ ದರವಾರು ಪಟ್ಟಿ ಮಾಡಲು ಕೂತರೆ ಅಂದಾಜಿಗೆ ಇಳಿಯಲೇಬೇಕಾಗುತ್ತದೆ. ಒಟ್ಟು ಮೊತ್ತದೊಳಗೆ ಎಷ್ಟು ಅಕ್ಕಿ, ಎಷ್ಟು ಸೋಪು ಎಂಬುದು ಆಗ ಯಾರಿಗೂ ಗೊತ್ತಿರುವುದಿಲ್ಲ.

ಅದೇ ಗ್ರಾಹಕರು ಅದೇ ಐದು ಸಾಮಾನನ್ನು 25ರಂದು ಕೊಂಡರೆ ಲೆಕ್ಕ ಬೇರೆ. ಅಕ್ಕಿ, ಅಡುಗೆ ಎಣ್ಣೆ, ಒಗೆಯುವ ಪುಡಿ ಹಿಂದಿನಂತೆಯೇ. ತುಪ್ಪದ ತೆರಿಗೆ 36ರಿಂದ 15ಕ್ಕೆ ಇಳಿದು ಅದರ ಬೆಲೆ 315 ಆಯಿತು. ತಲೆ ಎಣ್ಣೆಯ ತೆರಿಗೆ 18ರಿಂದ 5ಕ್ಕೆ ಇಳಿದು ಬೆಲೆ 105 ಆಯಿತು. ಬಿಲ್ಲು 1,113 ರೂಪಾಯಿ 50 ಪೈಸೆ. ಒಟ್ಟಿನಲ್ಲಿ 34 ರೂಪಾಯಿ ಕಡಿಮೆ; ಅಷ್ಟೂ ತೆರಿಗೆಯಲ್ಲೇ ಇಳಿದದ್ದು. ಮಾಲಿನ ಬೆಲೆ ಎರಡು ಬಿಲ್ಲಿನಲ್ಲೂ ಒಂದೇ ಇದೆ. ಆದರೆ ಶೇ. 12ರ ಗುಂಪು ಎರಡನೇ ಬಿಲ್ಲಿನಲ್ಲಿ ಇಲ್ಲವೇ ಇಲ್ಲ. ಶೇ. 5ರ ಗುಂಪು 150ರಿಂದ 550ಕ್ಕೆ ಹಿಗ್ಗಿದೆ.

ಇಲ್ಲಿಂದ ಮೊದಲ ನಿಯಮ ಹುಟ್ಟುತ್ತದೆ. ಒಂದು ಸಾಲಿನ ದರವೆಂದರೆ ಆ ಬಿಲ್ಲು ಕೊಟ್ಟ ದಿನ ಅದರ ಮೇಲೆ ಅಚ್ಚಾದ ದರ. ಆ ಸಾಮಾನಿಗೆ ಇವತ್ತು ಯಾವ ದರವಿದೆ ಎಂಬುದು ಪಟ್ಟಿಗೆ ಸಂಬಂಧಿಸಿದ್ದಲ್ಲ.

ಗಲ್ಲೆಯಲ್ಲಿ ಮಾಲು, ಬಿಲ್ಲು, ಹಣ ಮೂರೂ ಒಟ್ಟಿಗೆ ಕೈ ಬದಲಾಗುವುದರಿಂದ ಈ ನಿಯಮ ಸಾಕು. ಸಾಲದ ವ್ಯಾಪಾರದಲ್ಲಿ ಇವು ಬೇರೆ ಬೇರೆ ದಿನ ಆಗುತ್ತವೆ. ಅಂಥ ಕಡೆ ಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ದಾರಿ ತೋರಿಸುತ್ತದೆ. ಮಾಲು ಕೊಟ್ಟದ್ದು, ಬಿಲ್ಲು ಹಾಕಿದ್ದು, ಹಣ ಬಂದದ್ದು ಈ ಮೂರರಲ್ಲಿ ಯಾವ ಎರಡು ದರ ಬದಲಾಗುವ ಮೊದಲು ನಡೆದಿವೆಯೋ, ಬದಲಾದ ಮೇಲೆ ನಡೆದಿವೆಯೋ, ಅದರಂತೆ ಹಳೆಯ ಅಥವಾ ಹೊಸ ದರ ಹತ್ತುತ್ತದೆ. 20ರಂದು ಮಾಲು ಕಳಿಸಿ, 23ಕ್ಕೆ ಬಿಲ್ಲು ಹಾಕಿ, ಅಕ್ಟೋಬರಿನಲ್ಲಿ ಹಣ ಪಡೆದಿದ್ದರೆ ಹೊಸ ದರ. 20ರಂದೇ ಬಿಲ್ಲೂ ಹೋಗಿದ್ದರೆ ಹಣ ಯಾವಾಗ ಬಂದರೂ ಹಳೆಯ ದರ.

ಬೆಲೆಯೊಳಗಿನ ತೆರಿಗೆಯನ್ನು ತೆಗೆಯುವ ಬಗೆ

ದಿನಸಿ ಅಂಗಡಿಯ ಬೆಲೆಗಳು ಎಂಆರ್‌ಪಿ ಬೆಲೆಗಳು. ತೆರಿಗೆ ಅದರೊಳಗೇ ಅಡಗಿರುತ್ತದೆ. ಕೈಬರಹದ ಬಿಲ್ಲುಗಳಿಂದ ಪಟ್ಟಿ ಮಾಡುವವರು ಇಲ್ಲೇ ಎಡವುವುದು ಹೆಚ್ಚು. 118 ರೂಪಾಯಿಯ ತಲೆ ಎಣ್ಣೆಯಲ್ಲಿ ತೆರಿಗೆ ಎಷ್ಟು ಎಂದರೆ ಕ್ಯಾಲ್ಕುಲೇಟರಿನಲ್ಲಿ 118ಕ್ಕೆ ಶೇ. 18 ಒತ್ತಿಬಿಡುತ್ತಾರೆ. 21 ರೂಪಾಯಿ 24 ಪೈಸೆ ಬರುತ್ತದೆ. ಅದು ತಪ್ಪು. ಶೇ. 18 ಇರುವುದು ಮಾಲಿನ ಬೆಲೆಯ ಮೇಲೆ, ಗ್ರಾಹಕರು ಕೊಟ್ಟ ಮೊತ್ತದ ಮೇಲಲ್ಲ. ಬೆಲೆ 100 ಇದ್ದಾಗ ತೆರಿಗೆ ಸೇರಿ 118 ಆಗುವುದರಿಂದ, ಕೈಗೆ ಬಂದ ಮೊತ್ತವನ್ನು 118ರಿಂದ ಭಾಗಿಸಿ 18ರಿಂದ ಗುಣಿಸಿದರೆ ತೆರಿಗೆ ಸಿಗುತ್ತದೆ. ಶೇ. 5 ಆದರೆ 105ರಿಂದ ಭಾಗಿಸಿ 5ರಿಂದ ಗುಣಿಸಬೇಕು. ಶೇ. 12 ಆದರೆ 112 ಮತ್ತು 12.

ಒಂದು ಸೀಸೆಯಲ್ಲಿ ವ್ಯತ್ಯಾಸ ಮೂರೂಕಾಲು ರೂಪಾಯಿಯಷ್ಟೇ. ಆದರೆ ತಿಂಗಳಿಗೆ ಒಂದೂವರೆ ಲಕ್ಷದ ಮಾಲು ಶೇ. 18ರಲ್ಲಿ ಮಾರುವ ಅಂಗಡಿಯಲ್ಲಿ ಅದೇ ತಪ್ಪು 4,860 ರೂಪಾಯಿ ಆಗುತ್ತದೆ. ವಸೂಲಿ ಮಾಡದ ತೆರಿಗೆಯನ್ನು ಅಂಗಡಿಯವರು ಸ್ವಂತ ಜೇಬಿನಿಂದ ಕಟ್ಟಿದಂತೆ.

ತಿಂಗಳ ಪುಟ

ಲೆಕ್ಕದ ಹಾಳೆಯನ್ನು ಕಂಪ್ಯೂಟರಿನಲ್ಲಿ ಇಡುವವರಾದರೆ ಬಿಲ್ಲಿನ ಪ್ರತಿ ಸಾಲಿಗೆ ಏಳು ಕಾಲಂ ಸಾಕು: ದಿನಾಂಕ, ಬಿಲ್ ನಂಬರು, ಕೊಂಡವರು ಜಿಎಸ್‌ಟಿ ನಂಬರು ಇರುವ ವ್ಯಾಪಾರಿಯೋ ಮಾಮೂಲಿ ಗ್ರಾಹಕರೋ ಎಂಬುದು, ಸರಕಿನ ಎಚ್‌ಎಸ್‌ಎನ್ ಸಂಖ್ಯೆ, ದರ, ತೆರಿಗೆಗೆ ಮುಂಚಿನ ಬೆಲೆ, ತೆರಿಗೆ. ದರ ಐದನೇ ಕಾಲಂ, ಬೆಲೆ ಆರನೆಯದು, ತೆರಿಗೆ ಏಳನೆಯದು ಆಗಿದ್ದರೆ ಶೇ. 18ರ ಗುಂಪಿನ ಬೆಲೆ ಮತ್ತು ತೆರಿಗೆ ಕೂಡಲು ಎರಡು ಸೂತ್ರ ಬರೆದರಾಯಿತು:

```
=SUMIFS(F:F, E:E, 18)
=SUMIFS(G:G, E:E, 18)
```

ದರದ ಕಾಲಂನಲ್ಲಿ ಎಲ್ಲ ಕಡೆ 18 ಎಂದೇ ಬರೆಯಬೇಕು. ಕೆಲವು ಕಡೆ 18, ಕೆಲವು ಕಡೆ ಶೇಕಡಾ ಗುರುತಿನ ಜೊತೆ ಬರೆದರೆ ಕಂಪ್ಯೂಟರು ಎರಡನೆಯದನ್ನು 0.18 ಎಂದು ಓದುತ್ತದೆ. ಆ ಸಾಲುಗಳು ಯಾವ ಗುಂಪಿಗೂ ಸೇರದೆ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಬಿಲ್ಲಿಂಗ್ ಸಾಫ್ಟ್‌ವೇರ್ ಇರುವ ಅಂಗಡಿಗಳಲ್ಲಿ ಈ ಪಟ್ಟಿ ಒಂದು ಗುಂಡಿ ಒತ್ತಿದರೆ ಬರುತ್ತದೆ. ಆದರೂ ಅದನ್ನು ಓದಲು ಬರಬೇಕು. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ನಮ್ಮ ಅಂಗಡಿಯ ಸೆಪ್ಟೆಂಬರ್ ತಿಂಗಳ ಸರಿಯಾದ ಪುಟ ಹೀಗಿದೆ:

| ದರ | ತೆರಿಗೆಗೆ ಮುಂಚಿನ ಬೆಲೆ (ರೂ.) | ತೆರಿಗೆ (ರೂ.) | ಬೆಲೆಯ ಮೇಲೆ ತೆರಿಗೆ |
|---|---|---|---|
| ತೆರಿಗೆ ಇಲ್ಲದ್ದು | 1,20,000 | 0 | ಇಲ್ಲ |
| ಶೇ. 5 | 2,00,000 | 10,000 | ಶೇ. 5 |
| ಶೇ. 12 (21ರವರೆಗೆ) | 50,000 | 6,000 | ಶೇ. 12 |
| ಶೇ. 18 | 1,50,000 | 27,000 | ಶೇ. 18 |
| ಒಟ್ಟು | 5,20,000 | 43,000 | |

ಬೆಲೆ ಮತ್ತು ತೆರಿಗೆ ಕೂಡಿದರೆ 5,63,000 ರೂಪಾಯಿ. ತಿಂಗಳಿಡೀ ಗಲ್ಲೆಗೆ ಮತ್ತು ಫೋನಿನ ಮೂಲಕ ಬಂದ ಹಣ, ಜೊತೆಗೆ ಬಾಕಿ ಉಳಿದ ಸಾಲ ಇವುಗಳ ಮೊತ್ತ ಇದಕ್ಕೆ ಹೊಂದಬೇಕು. ಬಿಲ್ಲುಗಳಲ್ಲಿ ಪೈಸೆ ಬಿಟ್ಟು ರೂಪಾಯಿಗೆ ಮುಗಿಸಿದ್ದರೆ ಆ ಚಿಲ್ಲರೆ ವ್ಯತ್ಯಾಸವನ್ನು ಬೇರೆ ಕಾಲಂನಲ್ಲಿ ತೋರಿಸಬೇಕು. ಅದನ್ನು ತೆರಿಗೆಯ ಕಾಲಂನಲ್ಲಿ ಬೆರೆಸಬಾರದು.

ತೆರಿಗೆ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಆದ್ದರಿಂದ 43,000ದಲ್ಲಿ ಸಿಜಿಎಸ್‌ಟಿ 21,500, ಎಸ್‌ಜಿಎಸ್‌ಟಿ 21,500. ಹೊರರಾಜ್ಯಕ್ಕೆ ಮಾಲು ಕಳಿಸಿದ್ದರೆ ಅದಕ್ಕೆ ಐಜಿಎಸ್‌ಟಿ. ಅದು ಪುಟದಲ್ಲಿ ಪ್ರತ್ಯೇಕ ಸಾಲಾಗಬೇಕು. ಊರಿನ ಹೋಟೆಲಿನವರಂತೆ ಜಿಎಸ್‌ಟಿ ನಂಬರು ಕೊಟ್ಟು ಕೊಂಡವರ ಬಿಲ್ಲುಗಳನ್ನೂ ಬೇರೆಯಾಗಿ ಎತ್ತಿಡಬೇಕು. ಜಿಎಸ್‌ಟಿಆರ್-1ರಲ್ಲಿ ಅವರ ಬಿಲ್ಲುಗಳು ಒಂದೊಂದಾಗಿ ನಾಲ್ಕನೇ ಕೋಷ್ಟಕಕ್ಕೆ ಹೋಗುತ್ತವೆ. ರಾಜ್ಯದೊಳಗಿನ ಮಾಮೂಲಿ ಗ್ರಾಹಕರ ಮಾರಾಟವೆಲ್ಲ ದರಕ್ಕೊಂದು ಮೊತ್ತವಾಗಿ ಏಳನೇ ಕೋಷ್ಟಕಕ್ಕೆ ಸೇರುತ್ತದೆ. ತೆರಿಗೆ ಇಲ್ಲದ ಮಾಲು ಎಂಟನೆಯದಕ್ಕೆ. ಹೋಟೆಲಿನವರ ಬಿಲ್ಲು ತಪ್ಪಿ ಏಳನೇ ಕೋಷ್ಟಕದ ಮೊತ್ತದಲ್ಲಿ ಕರಗಿದರೆ ಅಂಗಡಿಯವರ ತೆರಿಗೆ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಆದರೆ ಹೋಟೆಲಿನವರಿಗೆ ಸಿಗಬೇಕಾದ ಹೂಡುವಳಿ ತೆರಿಗೆಯ ಜಮೆ ಅವರ ಖಾತೆಯಲ್ಲಿ ಕಾಣಿಸುವುದಿಲ್ಲ. ಅವರು ಅಂಗಡಿಗೆ ಫೋನು ಮಾಡುವುದು ಆಗಲೇ.

ತೆರಿಗೆ ಇಲ್ಲದ ಸಾಲನ್ನು ‘ಅದರಲ್ಲಿ ಏನೂ ಕಟ್ಟಲಿಕ್ಕಿಲ್ಲವಲ್ಲ’ ಎಂದು ಕೈಬಿಡುವವರಿದ್ದಾರೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಹಾಲು, ತರಕಾರಿ, ಹಣ್ಣು ಮಾರುವವರ ಮುಂದೆ ನಿಂತ ಪ್ರಶ್ನೆ ಇದೇ ಆಗಿತ್ತು. ಖಾತೆಗೆ ಬಂದ ಒಟ್ಟು ಹಣದಲ್ಲಿ ತೆರಿಗೆ ಇಲ್ಲದ ಮಾಲಿನದು ಎಷ್ಟು? ಬ್ಯಾಂಕಿನ ಲೆಕ್ಕ ಈ ಭೇದ ಹೇಳುವುದಿಲ್ಲ. ಹೇಳಬಲ್ಲದ್ದು ಬಿಲ್ಲುಗಳಿಂದ ಮಾಡಿದ ಈ ಪಟ್ಟಿಯ ಮೊದಲ ಸಾಲು ಮಾತ್ರ. ನಮ್ಮ ಅಂಗಡಿಯಲ್ಲಿ ಆ ಸಾಲು ಬಿಟ್ಟುಹೋದರೆ 1,20,000 ರೂಪಾಯಿಗೆ ಹೆಸರೇ ಇರುವುದಿಲ್ಲ.

ಇಲ್ಲದ ದರ ಕಾಣಿಸಿಕೊಂಡಾಗ

ಪುಟದ ಕೊನೆಯ ಕಾಲಂ ಯಾವ ರಿಟರ್ನಿನಲ್ಲೂ ಕೇಳುವುದಿಲ್ಲ. ಆದರೆ ಇಡೀ ಪುಟದಲ್ಲಿ ಹೆಚ್ಚು ಮಾತಾಡುವುದು ಅದೇ. ಪ್ರತಿ ಸಾಲಿನ ತೆರಿಗೆಯನ್ನು ಆ ಸಾಲಿನ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿ. ಸಾಲಿನ ಹೆಸರಿನಲ್ಲಿರುವ ದರವೇ ಉತ್ತರವಾಗಿ ಬರಬೇಕು. ಪೈಸೆಗಳ ಗುಂಡಾಗಿಸುವಿಕೆಯಿಂದ ದಶಮಾಂಶದ ಎರಡನೇ ಅಥವಾ ಮೂರನೇ ಸ್ಥಾನದಲ್ಲಿ ಕೊಂಚ ಏರುಪೇರಾದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಸರಿದಿದ್ದರೆ ಏನೋ ತಪ್ಪಿದೆ. ಎಷ್ಟು ಸರಿದಿದೆ ಎಂಬುದೇ ಏನು ತಪ್ಪಿದೆ ಎಂಬುದನ್ನೂ ಹೇಳುತ್ತದೆ.

ಶೇ. 18ರ ಸಾಲು 21.95 ತೋರಿಸಿದರೆ, ಮೇಲೆ ಹೇಳಿದಂತೆ ಎಂಆರ್‌ಪಿಯ ಮೇಲೆಯೇ ಶೇಕಡಾ ಒತ್ತಿ ತೆರಿಗೆ ತೆಗೆದಿದ್ದಾರೆ. 15.25 ತೋರಿಸಿದರೆ, ಬೆಲೆಯ ಕಾಲಂನಲ್ಲಿ ತೆರಿಗೆ ಸೇರಿದ ಮೊತ್ತವನ್ನೇ ಬರೆದಿದ್ದಾರೆ. ಸರಿಯಾಗಿ 9 ತೋರಿಸಿದರೆ ಸಿಜಿಎಸ್‌ಟಿ ಮಾತ್ರ ಕೂಡಿ ಎಸ್‌ಜಿಎಸ್‌ಟಿಯನ್ನು ಮರೆತಿದ್ದಾರೆ. ಒಂದೇ ತಪ್ಪು ಎಲ್ಲ ಸಾಲುಗಳಲ್ಲೂ ನಡೆದಿದ್ದರೆ ಸಂಖ್ಯೆ ಹೀಗೆ ಸ್ಪಷ್ಟವಾಗಿ ಬರುತ್ತದೆ. ಕೆಲವು ಬಿಲ್ಲುಗಳಲ್ಲಿ ಮಾತ್ರ ನಡೆದಿದ್ದರೆ 18ಕ್ಕೂ ಈ ಸಂಖ್ಯೆಗಳಿಗೂ ನಡುವೆ ಎಲ್ಲೋ ನಿಲ್ಲುತ್ತದೆ.

ಈಗ ಸೆಪ್ಟೆಂಬರಿನ ವಿಶೇಷ ತಪ್ಪಿಗೆ ಬರೋಣ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಪ್ರತಿ ಸಾಮಾನಿಗೂ ಒಂದು ಐಟಂ ಮಾಸ್ಟರ್ ಇರುತ್ತದೆ. ಅದರ ಹೆಸರು, ಬೆಲೆ, ದರ ಎಲ್ಲ ಅಲ್ಲಿರುತ್ತವೆ. 22ರಂದು ಅಂಗಡಿಯವರು ಅಲ್ಲಿ ತಲೆ ಎಣ್ಣೆಯ ದರವನ್ನು 18ರಿಂದ 5ಕ್ಕೆ ಬದಲಿಸಿದರು. ತಿಂಗಳು ಮುಗಿದ ಮೇಲೆ ಪಟ್ಟಿ ತೆಗೆದಾಗ, ಬಿಲ್ಲಿನ ಸಾಲಿನಲ್ಲಿ ಉಳಿದ ದರದ ಬದಲು ಮಾಸ್ಟರಿನಲ್ಲಿ ಈಗಿರುವ ದರವನ್ನು ನೋಡಿ ಗುಂಪು ಮಾಡುವ ವರದಿಯಾಗಿದ್ದರೆ, 1ರಿಂದ 21ರವರೆಗಿನ ತಲೆ ಎಣ್ಣೆಯೂ ಶೇ. 5ರ ಗುಂಪಿಗೆ ಹೋಗಿ ಕೂರುತ್ತದೆ. ಹಾಳೆಯಲ್ಲಿ ಸಾಮಾನಿನ ಹೆಸರು ನೋಡಿ ದರ ಎಳೆದುಕೊಳ್ಳುವ ಸೂತ್ರ ಬರೆದವರಿಗೂ ಇದೇ ಗತಿ.

ನಮ್ಮ ಅಂಗಡಿಯಲ್ಲಿ 21ರವರೆಗೆ ಶೇ. 18ರಲ್ಲಿ ಮಾರಿದ ಸೋಪು, ಶಾಂಪೂ, ತಲೆ ಎಣ್ಣೆಗಳ ಬೆಲೆ 40,000. ಅದರ ತೆರಿಗೆ 7,200. ಶೇ. 12ರ ತುಪ್ಪ, ಬೆಣ್ಣೆ, ಖಾರದ ತಿನಿಸು 50,000, ತೆರಿಗೆ 6,000. ಎರಡೂ ಶೇ. 5ರ ಸಾಲಿಗೆ ಸೇರಿಕೊಂಡವು. ಆಗ ಆ ಸಾಲಿನ ಬೆಲೆ 2,90,000 ಆಗುತ್ತದೆ, ತೆರಿಗೆ 23,200. ಶೇ. 12ರ ಸಾಲು ಮಾಯ. ಶೇ. 18ರ ಸಾಲಿನಲ್ಲಿ 1,10,000 ಬೆಲೆ, 19,800 ತೆರಿಗೆ ಉಳಿಯುತ್ತದೆ.

ಒಟ್ಟು ನೋಡಿ: ಬೆಲೆ 5,20,000, ತೆರಿಗೆ 43,000. ಒಂದು ಪೈಸೆಯೂ ಅತ್ತಿತ್ತ ಆಗಿಲ್ಲ. ಒಟ್ಟು ತಾಳೆಯಾಯಿತು ಎಂದು ಪುಟ ಮಡಚಿ ಕಳಿಸುವವರಿಗೆ ತಪ್ಪು ಕಾಣುವುದೇ ಇಲ್ಲ. ಆದರೆ ಶೇ. 5ರ ಸಾಲಿನಲ್ಲಿ 23,200ನ್ನು 2,90,000ದಿಂದ ಭಾಗಿಸಿದರೆ ಬರುವುದು 8. ಜಿಎಸ್‌ಟಿಯಲ್ಲಿ ಶೇ. 8 ಎಂಬ ದರವೇ ಇಲ್ಲ. ಬೇರೆ ಬೇರೆ ದರಗಳು ಒಂದೇ ಸಾಲಿನಲ್ಲಿ ಬೆರೆತಾಗ ಮಾತ್ರ ಇಂಥ ಸಂಖ್ಯೆ ಹುಟ್ಟುತ್ತದೆ. ಜೊತೆಗೆ ತಿಂಗಳ ಮೂರು ವಾರ ತುಪ್ಪ ಮಾರಿದ ಅಂಗಡಿಯ ಪುಟದಲ್ಲಿ ಶೇ. 12ರ ಸಾಲೇ ಇಲ್ಲದಿರುವುದು ಇನ್ನೊಂದು ಸುಳಿವು.

ಇದೇ ತಪ್ಪು ಇನ್ನೊಂದು ವೇಷದಲ್ಲೂ ಬರಬಹುದು. ಅದು ಹೆಚ್ಚು ಅಪಾಯದ್ದು. ತೆರಿಗೆಯ ಕಾಲಂ ಬಿಲ್ಲಿನಿಂದ ಬರದೆ, ಬೆಲೆಯನ್ನು ದರದಿಂದ ಗುಣಿಸಿ ಹೊಸದಾಗಿ ಲೆಕ್ಕ ಹಾಕಿದ್ದಾದರೆ, 2,90,000ಕ್ಕೆ ಶೇ. 5ರಂತೆ 14,500 ಬರುತ್ತದೆ. ಈಗ ಸಾಲು ಸಾಲಾಗಿ ನೋಡಿದರೆ ಎಲ್ಲವೂ ಅಚ್ಚುಕಟ್ಟು. ಶೇ. 5ರ ಸಾಲು 5 ಎನ್ನುತ್ತದೆ, 18ರ ಸಾಲು 18 ಎನ್ನುತ್ತದೆ. ಆದರೆ ಒಟ್ಟು ತೆರಿಗೆ 34,300ಕ್ಕೆ ಇಳಿದಿದೆ. ಬಿಲ್ಲುಗಳ ಮೂಲಕ ಗ್ರಾಹಕರಿಂದ ವಸೂಲಾದದ್ದು 43,000. ನಡುವೆ 8,700 ರೂಪಾಯಿ ಕಾಣೆ. ಅಂಗಡಿಯವರು ಗ್ರಾಹಕರಿಂದ ಪಡೆದು ಸರ್ಕಾರಕ್ಕೆ ಕಟ್ಟದೆ ಉಳಿಸಿಕೊಂಡ ಹಣವಾಗಿ ಅದು ದಾಖಲೆಯಲ್ಲಿ ನಿಲ್ಲುತ್ತದೆ. ತಡವಾಗಿ ಕಟ್ಟಿದರೆ ವರ್ಷಕ್ಕೆ ಶೇ. 18ರಂತೆ ಬಡ್ಡಿ ಬೇರೆ.

ಆದ್ದರಿಂದ ನೋಡಬೇಕಾದ್ದು ಎರಡು ದಿಕ್ಕಿನಲ್ಲಿ. ಅಡ್ಡಕ್ಕೆ, ಪ್ರತಿ ಸಾಲಿನ ತೆರಿಗೆ ಅದರ ದರಕ್ಕೆ ಹೊಂದಬೇಕು. ಉದ್ದಕ್ಕೆ, ತೆರಿಗೆಯ ಒಟ್ಟು ಮೊತ್ತ ಬಿಲ್ಲುಗಳ ಮೇಲೆ ಅಚ್ಚಾದ ತೆರಿಗೆಯ ಒಟ್ಟಿಗೆ ಹೊಂದಬೇಕು. ಆ ಎರಡನೇ ಮೊತ್ತವನ್ನು ಇದೇ ಹಾಳೆಯಿಂದ ತೆಗೆಯದೆ ದಿನದ ಕೊನೆಗೆ ಬರೆದಿಟ್ಟ ಪುಸ್ತಕದಿಂದ ತರಬೇಕು. ಒಂದು ದಿಕ್ಕಿನಲ್ಲಿ ಅವಿತ ತಪ್ಪು ಇನ್ನೊಂದು ದಿಕ್ಕಿನಲ್ಲಿ ಹೊರಬೀಳುತ್ತದೆ.

ವಾಪಸು ಬಂದ ತುಪ್ಪ

ನಮ್ಮ ಪುಟದಲ್ಲಿ ಶೇ. 12ರ ಸಾಲು ಗುಂಡಗೆ 50,000 ಬಂದದ್ದರ ಹಿಂದೆ ಒಂದು ಚಿಕ್ಕ ಲೆಕ್ಕವಿದೆ. 21ರವರೆಗೆ ನಿಜವಾಗಿ ಮಾರಿದ್ದು 52,000ದ ಮಾಲು, ತೆರಿಗೆ 6,240. 15ರಂದು ಮದುವೆ ಮನೆಯವರೊಬ್ಬರು ಒಯ್ದ ತುಪ್ಪದ ಡಬ್ಬಗಳಲ್ಲಿ ಕೆಲವು ಉಳಿದು 25ರಂದು ವಾಪಸು ಬಂದವು. ಅವರಿಗೆ ಮರಳಿ ಕೊಟ್ಟದ್ದು 2,240 ರೂಪಾಯಿ, ಅಂದರೆ ಬೆಲೆ 2,000 ಮತ್ತು ತೆರಿಗೆ 240. ಇದಕ್ಕೆ ಕ್ರೆಡಿಟ್ ನೋಟ್ ಬರೆಯಬೇಕು.

ಕ್ರೆಡಿಟ್ ನೋಟಿನಲ್ಲಿ ಯಾವ ದರ ಹಾಕಬೇಕು? ತುಪ್ಪ ಅಂಗಡಿಗೆ ಮರಳಿದ 25ರಂದು ಅದಕ್ಕೆ ಶೇ. 5. ಆದರೆ ಕ್ರೆಡಿಟ್ ನೋಟು ಹಳೆಯ ಮಾರಾಟವನ್ನು ಅಳಿಸುವ ಕಾಗದ. ಮಾರಾಟ ಯಾವ ದರದಲ್ಲಿ ಆಯಿತೋ ಅದೇ ದರದಲ್ಲಿ ಅಳಿಸಬೇಕು. ಆದ್ದರಿಂದ ಶೇ. 12. ಮರೆತು ಶೇ. 5 ಹಾಕಿದರೆ 2,240ರಲ್ಲಿ ತೆರಿಗೆ 106 ರೂಪಾಯಿ 67 ಪೈಸೆ ಎಂದು ಬರುತ್ತದೆ. 240 ಕಳೆಯಬೇಕಾದಲ್ಲಿ ಅಷ್ಟೇ ಕಳೆದಂತಾಯಿತು. ಉಳಿದ 133 ರೂಪಾಯಿ 33 ಪೈಸೆ ಅಂಗಡಿಯವರ ಕೈಯಿಂದ ಹೋಗುತ್ತದೆ, ಗ್ರಾಹಕರಿಗೆ ಪೂರ್ತಿ ಹಣ ಮರಳಿಸಿದ ಮೇಲೂ.

ಈ ತಪ್ಪು ಅಡ್ಡದ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಯಾಕೆಂದರೆ ತಪ್ಪು ದರದಲ್ಲೇ ಆದರೂ ಬೆಲೆ, ತೆರಿಗೆ ಎರಡೂ ಹೊಂದಿಕೆಯಲ್ಲಿವೆ. ಕ್ರೆಡಿಟ್ ನೋಟಿನ ಮೇಲೆ ಮೂಲ ಬಿಲ್ಲಿನ ನಂಬರು ಮತ್ತು ದಿನಾಂಕ ಬರೆಯುವ ಅಭ್ಯಾಸವೊಂದೇ ಇದಕ್ಕೆ ಮದ್ದು. ಮೂಲ ಬಿಲ್ಲು ಕಣ್ಣ ಮುಂದಿದ್ದರೆ ದರ ತಪ್ಪುವುದಿಲ್ಲ. ಅದೇ ಡಬ್ಬಗಳು ಅಕ್ಟೋಬರಿನಲ್ಲಿ ವಾಪಸು ಬಂದಿದ್ದರೆ ಅಕ್ಟೋಬರಿನ ಪುಟದಲ್ಲಿ ಶೇ. 12ರ ಸಾಲು ಬರೀ ಮೈನಸ್ ಅಂಕಿಯೊಂದಿಗೆ ಇರುತ್ತಿತ್ತು. ಮಾರಾಟವೇ ಇಲ್ಲದ ದರದಲ್ಲಿ ಮೈನಸ್ ಏಕೆ ಎಂದು ಗಾಬರಿಯಾಗಿ ಅದನ್ನು ಅಳಿಸಬಾರದು. ಅದು ಸರಿಯಾದ ಲೆಕ್ಕ.

ಪಟ್ಟಿ ಹಿಡಿಯಲಾರದ ತಪ್ಪು

ಇಷ್ಟೆಲ್ಲ ತಾಳೆ ನೋಡಿದರೂ ಒಂದು ತಪ್ಪು ಈ ಪುಟಕ್ಕೆ ಸಿಕ್ಕುವುದಿಲ್ಲ. ಬಿಲ್ಲಿನಲ್ಲೇ ದರ ತಪ್ಪಾಗಿ ಅಚ್ಚಾಗಿದ್ದರೆ ಪಟ್ಟಿ ಅದನ್ನು ನಿಷ್ಠೆಯಿಂದ ಹಾಗೆಯೇ ತೋರಿಸುತ್ತದೆ. ಉದಾಹರಣೆಗೆ, ಸೋಪಿನ ದರ ಇಳಿಯಿತೆಂದು ಒಗೆಯುವ ಪುಡಿಯ ದರವನ್ನೂ 5ಕ್ಕೆ ಬದಲಿಸಿದ್ದರೆ, 236 ರೂಪಾಯಿಯ ಪೊಟ್ಟಣದಲ್ಲಿ 36 ರೂಪಾಯಿ ಇರಬೇಕಾದ ತೆರಿಗೆ 11 ರೂಪಾಯಿ 24 ಪೈಸೆ ಆಗುತ್ತದೆ. ಅಡ್ಡಕ್ಕೂ ಉದ್ದಕ್ಕೂ ಎಲ್ಲ ಹೊಂದುತ್ತದೆ. ಆದರೂ ಪ್ರತಿ ಪೊಟ್ಟಣಕ್ಕೆ 24 ರೂಪಾಯಿ 76 ಪೈಸೆ ಬಾಕಿ ಬೆಳೆಯುತ್ತಿರುತ್ತದೆ. ಇದರ ತದ್ವಿರುದ್ಧವೂ ಆಗಬಹುದು. 22ರ ನಂತರವೂ ತಲೆ ಎಣ್ಣೆಗೆ ಶೇ. 18ರಂತೆ ವಸೂಲಿ ಮಾಡಿದ್ದರೆ, ದರ ಇಳಿದಿದೆ ಎಂದು ಶೇ. 5 ಮಾತ್ರ ಕಟ್ಟಿ ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ. ತೆರಿಗೆಯೆಂದು ಗ್ರಾಹಕರಿಂದ ಪಡೆದ ಹಣವನ್ನು ಸರ್ಕಾರಕ್ಕೆ ಕಟ್ಟಲೇಬೇಕು ಎಂದು ಕಾಯ್ದೆಯ 76ನೇ ಸೆಕ್ಷನ್ ಹೇಳುತ್ತದೆ.

ಇದನ್ನು ಹಿಡಿಯಬಲ್ಲದ್ದು ಎಚ್‌ಎಸ್‌ಎನ್ ಸಂಖ್ಯೆ. ಜಿಎಸ್‌ಟಿಆರ್-1ರ 12ನೇ ಕೋಷ್ಟಕದಲ್ಲಿ ಮಾರಾಟವನ್ನು ಸರಕಿನ ಈ ಸಂಖ್ಯೆಯ ಪ್ರಕಾರ ಕೊಡಬೇಕು. ಅದಕ್ಕೆ ಬೇಕಾದ ಪಟ್ಟಿಯಲ್ಲಿ ಪ್ರತಿ ಸಂಖ್ಯೆಯ ಎದುರು ಬಳಸಿದ ದರವನ್ನೂ ಬರೆದುಕೊಂಡರೆ, ಒಗೆಯುವ ಪುಡಿಯ ಎದುರು 5 ಕಂಡ ಕೂಡಲೇ ಅಕೌಂಟೆಂಟಿನ ಪೆನ್ನು ಅಲ್ಲಿ ನಿಲ್ಲುತ್ತದೆ. ದಿನಸಿ ಅಂಗಡಿಯಲ್ಲಿ ಸಾಮಾನುಗಳು ನೂರಾರಿದ್ದರೂ ಎಚ್‌ಎಸ್‌ಎನ್ ಗುಂಪುಗಳು ಅಷ್ಟಿರುವುದಿಲ್ಲ. ಒಂದು ಕೂರಿಕೆಯಲ್ಲಿ ನೋಡಿ ಮುಗಿಸಬಹುದು. ದರ ಬದಲಾದ ತಿಂಗಳಿನಲ್ಲಿ ಈ ಕೆಲಸ ತಪ್ಪಿಸಲೇಬಾರದು.

ಜಿಎಸ್‌ಟಿಆರ್-1 ಸಲ್ಲಿಸಿದ ಮೇಲೆ ತಪ್ಪು ಗೊತ್ತಾದರೆ, ಅದೇ ತಿಂಗಳ 3ಬಿ ಸಲ್ಲಿಸುವ ಮೊದಲು ಜಿಎಸ್‌ಟಿಆರ್-1ಎ ಎಂಬ ನಮೂನೆಯಲ್ಲಿ ತಿದ್ದಬಹುದು. 2024ರಲ್ಲಿ ಬಂದ ಸೌಲಭ್ಯವಿದು. 3ಬಿಯಲ್ಲಿನ ತೆರಿಗೆ ಹೊಣೆ ಜಿಎಸ್‌ಟಿಆರ್-1ರಿಂದಲೇ ತುಂಬಿ ಬರುವುದರಿಂದ 11ರ ಮತ್ತು 20ರ ನಡುವಿನ ಈ ಒಂಬತ್ತು ದಿನಗಳು ಬೆಲೆಯುಳ್ಳವು. ಪಟ್ಟಿ ತಿಂಗಳ ಐದನೇ ತಾರೀಕಿನೊಳಗೆ ಅಕೌಂಟೆಂಟಿನ ಕೈಸೇರಿದರೆ ತಿದ್ದುವ ಅಗತ್ಯವೇ ಬಾರದೆ ಹೋಗಬಹುದು.

ಪುಟದ ಕೆಳಗೆ ನಾಲ್ಕು ಸಾಲು

ಅಕೌಂಟೆಂಟಿಗೆ ಕೊಡುವ ಪುಟದ ಕೆಳಗೆ ಇನ್ನು ಕೆಲವು ವಿಷಯ ಬರೆದರೆ ಅವರ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ತಿಂಗಳ ಮೊದಲ ಮತ್ತು ಕೊನೆಯ ಬಿಲ್ಲಿನ ನಂಬರು, ನಡುವೆ ರದ್ದಾದ ಬಿಲ್ಲುಗಳು ಯಾವುವು ಎಂಬುದು ಮೊದಲನೆಯದು. ನಂಬರು ಹಾರಿದ್ದರೆ ಬಿಲ್ಲು ಕಳೆದಿದೆಯೋ ರದ್ದಾಗಿದೆಯೋ ತಿಳಿಯಬೇಕು, ರಿಟರ್ನಿನಲ್ಲೂ ಅದನ್ನು ಕೇಳುತ್ತಾರೆ. ಕ್ರೆಡಿಟ್ ನೋಟುಗಳ ಪಟ್ಟಿ, ಮೂಲ ಬಿಲ್ಲಿನ ದಿನಾಂಕದ ಜೊತೆ, ಎರಡನೆಯದು. ದಿನದ ಪುಸ್ತಕದ ಒಟ್ಟು ತೆರಿಗೆ ಮತ್ತು ಈ ಪುಟದ ಒಟ್ಟು ತೆರಿಗೆ ಅಕ್ಕಪಕ್ಕದಲ್ಲಿ, ವ್ಯತ್ಯಾಸವಿದ್ದರೆ ಕಾರಣದ ಸಮೇತ, ಮೂರನೆಯದು. ಆ ತಿಂಗಳಲ್ಲಿ ಯಾವ ಸಾಮಾನಿನ ದರ ಯಾವ ದಿನದಿಂದ ಬದಲಾಯಿತು ಎಂಬ ಟಿಪ್ಪಣಿ ನಾಲ್ಕನೆಯದು.

ಕೊನೆಯ ಟಿಪ್ಪಣಿಯನ್ನು ‘ಈಗ ಎಲ್ಲರಿಗೂ ಗೊತ್ತಿರುವುದೇ’ ಎಂದು ಬಿಡಬೇಡಿ. ಜಿಎಸ್‌ಟಿ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2025-26ರ ವಾರ್ಷಿಕ ರಿಟರ್ನಿಗೆ ಕಾಯ್ದೆಯಲ್ಲಿರುವ ಗಡುವು 2026ರ ಡಿಸೆಂಬರ್ 31. ಅಂದರೆ ಈ ಸೆಪ್ಟೆಂಬರಿನ ಪುಟ 2032ರ ಕೊನೆಯವರೆಗೂ ಕಪಾಟಿನಲ್ಲಿರಬೇಕು. ಆ ಹೊತ್ತಿಗೆ ಅಂಗಡಿಯಲ್ಲಿ ಬೇರೆಯವರು ಕೂತಿರಬಹುದು, ಅಕೌಂಟೆಂಟ್ ಬದಲಾಗಿರಬಹುದು. ಒಂದೇ ತಿಂಗಳಲ್ಲಿ ಅದೇ ತಲೆ ಎಣ್ಣೆ ಶೇ. 18ರ ಸಾಲಿನಲ್ಲೂ 5ರ ಸಾಲಿನಲ್ಲೂ ಏಕಿದೆ ಎಂದು ಅಧಿಕಾರಿಯೊಬ್ಬರು ಕೇಳಿದರೆ, ‘22ರಿಂದ ದರ ಬದಲು’ ಎಂಬ ಒಂದು ಸಾಲಿನ ಟಿಪ್ಪಣಿ ಮತ್ತು ಅಂದಿನ ಬಿಲ್ಲುಗಳು ಉತ್ತರ ಕೊಡುತ್ತವೆ.